ಜಿರಳೆ ಕನಸು, ಜೇಡನ ಕನಸು: ಒಳಗಿದ್ದದ್ದು ಹೇಸಿಗೆಯೋ ಭಯವೋ?

ರೂಪಾ: ಮೇಡಂ, ಎರಡು ಕನಸು ಪದೇ ಪದೇ ಬೀಳುತ್ತಿವೆ. ಒಂದರಲ್ಲಿ ಆಫೀಸಿನ ಡ್ರಾಯರ್ ತೆಗೆದರೆ ತುಂಬಾ ಜಿರಳೆ. ಇನ್ನೊಂದರಲ್ಲಿ ಬಾಗಿಲ ಮೇಲೆ ದೊಡ್ಡ ಜೇಡ. ಎರಡಕ್ಕೂ ಒಂದೇ ಅರ್ಥವಾ?

ಸುಮನಾ (ಮನಶ್ಶಾಸ್ತ್ರಜ್ಞೆ): ಅರ್ಥ ಆಮೇಲೆ ನೋಡೋಣ. ಕನಸಿನೊಳಗೆ ನಿಮಗೆ ಏನು ಮಾಡಬೇಕು ಅನ್ನಿಸಿತು? ಓಡಬೇಕು ಅಂತಾನಾ, ಕೈ ತೊಳೆಯಬೇಕು ಅಂತಾನಾ?

ರೂಪಾ: ಜಿರಳೆಗೆ ಹೆದರಲಿಲ್ಲ. ಒಂದು ತೋಳಿನ ಮೇಲೆ ಹತ್ತಿತು, ಎಷ್ಟು ತೊಳೆದರೂ ಸಮಾಧಾನವಿಲ್ಲ. ಜೇಡ ಹತ್ತಿರ ಬರಲೇ ಇಲ್ಲ. ಆದರೂ ಕಾಲು ಏಳಲಿಲ್ಲ.

ಸುಮನಾ: ಹಾಗಾದರೆ ಎರಡನ್ನೂ ಬೇರೆ ಬೇರೆಯಾಗಿಯೇ ನೋಡಬೇಕು. ಭಯದ ಕಣ್ಣು ಇನ್ನೂ ಆಗದ ಕೆಡುಕಿನ ಮೇಲೆ. ಹೇಸಿಗೆ ಬರುವುದು ಏನೋ ಆಗಲೇ ಮೈಗೆ ತಾಗಿದಾಗ. ಜಿರಳೆ ಕನಸಿಗೆ ‘ಯಾವುದಕ್ಕೆ ಹೆದರುತ್ತಿದ್ದೇನೆ’ ಅಂತ ಹುಡುಕಿದರೆ ಏನೂ ಸಿಗಲ್ಲ. ‘ಇದು ನನಗೆ ಅಂಟಬಾರದಿತ್ತು’ ಅಂತ ಇತ್ತೀಚೆಗೆ ಯಾವಾಗ ಅನ್ನಿಸಿತು ಅಂತ ಕೇಳಿಕೊಳ್ಳಿ. ಡ್ರಾಯರ್ ನಿಮ್ಮದೇ ಅಲ್ವಾ, ಅದನ್ನೂ ಬಿಡಬೇಡಿ.

ರೂಪಾ: ಹೋದ ತಿಂಗಳು ಬೇರೆಯವರ ಸುಳ್ಳು ಬಿಲ್ಲಿಗೆ ನಾನು ಸಹಿ ಹಾಕಿದೆ. ಸಿಕ್ಕಿಬೀಳುವ ಭಯ ಇಲ್ಲ. ಆ ಫೈಲ್ ಮುಟ್ಟಲು ಮನಸ್ಸಾಗಲ್ಲ.

ಸುಮನಾ: ‘ಮುಟ್ಟಲು’ ಅಂದಿರಿ ನೋಡಿ, ಕನಸಿನಲ್ಲೂ ಅದೇ ಇತ್ತು. ನನಗೆ ಇದು ಹೊಂದುತ್ತದೆ ಅನ್ನಿಸುತ್ತದೆ. ಆದರೆ ಓದಿ ನಿಮಗೇ ‘ಹೌದು, ಇದೇ’ ಅನ್ನಿಸದಿದ್ದರೆ ನನ್ನ ಮಾತು ಬಿಟ್ಟುಬಿಡಿ.

ಮಂಜುನಾಥ್: ಜೇಡ ಅಂದರೆ ತಾಯಿ ಅಂತ ಓದಿದ್ದೇನೆ. ಅಮ್ಮನ ಜೊತೆ ಏನೋ ಮನಸ್ತಾಪ ಇರಬೇಕು.

ಸುಮನಾ: ಫ್ರಾಯ್ಡ್ ಶಿಷ್ಯ, ಮನೋವಿಶ್ಲೇಷಕ ಕಾರ್ಲ್ ಅಬ್ರಹಾಂ 1922ರಲ್ಲಿ ಹಾಗೆ ಬರೆದದ್ದು ನಿಜ. ಅದು ಅವರ ರೋಗಿಗಳ ಕನಸುಗಳನ್ನು ನೋಡಿ ಬರೆದದ್ದು, ಎಲ್ಲರ ಜೇಡಕ್ಕೂ ಹಚ್ಚಲು ಬರಲ್ಲ. ಇನ್ನೊಂದು ಮಾತು. ಎಚ್ಚರದಲ್ಲೂ ಜೇಡಕ್ಕೆ ತುಂಬಾ ಹೆದರುವವರಲ್ಲಿ ಎಷ್ಟೋ ಜನರಿಗೆ ಅದರ ಮೇಲೆ ಹೇಸಿಗೆಯೂ ಜಾಸ್ತಿ ಇರುತ್ತದೆ. ಅಂಥವರ ಕನಸಿನಲ್ಲಿ ಎರಡೂ ಕಲಸಿಹೋಗಿರುತ್ತವೆ, ಬಿಡಿಸುವುದು ಕಷ್ಟ. ರೂಪಾ, ನಿಮಗೆ ಹಗಲಲ್ಲೂ ಜೇಡ ಕಂಡರೆ ಆಗಲ್ವಾ?

ರೂಪಾ: ಇಲ್ಲ, ಪೊರಕೆಯಲ್ಲಿ ತಳ್ಳಿಬಿಡುತ್ತೇನೆ.

ಸುಮನಾ: ಹಾಗಾದರೆ ಆ ಭಯ ಜೇಡದ್ದಲ್ಲ, ಬೇರೆ ಎಲ್ಲಿಂದಲೋ ಬಂದಿದೆ.

ಲತಾ: ನನಗೂ ಇದೇ ತೊಂದರೆ. ರಾತ್ರಿ ಕಣ್ಣು ಬಿಟ್ಟರೆ ಗೋಡೆ ಮೇಲೆ ಜೇಡ. ಲೈಟ್ ಹಾಕಿದರೆ ಮಾಯ. ಏನು ಸೂಚನೆ?

ಸುಮನಾ: ಲತಾ ಅವರೇ, ನಿಮ್ಮದು ಬೇರೆ. ನಿದ್ದೆ ಪೂರ್ತಿ ಬಿಡುವ ಮೊದಲು ಕೆಲವರಿಗೆ ಹೀಗೆ ಕಾಣುವುದುಂಟು. ಅದರಲ್ಲಿ ಅರ್ಥ ಹುಡುಕಬೇಡಿ. ಪದೇ ಪದೇ ಆಗುತ್ತಿದ್ದರೆ, ಅಥವಾ ಹಗಲಲ್ಲೂ ಕಂಡರೆ, ಡಾಕ್ಟರಿಗೆ ತೋರಿಸಿ.

ರೂಪಾ: ನನ್ನ ಜೇಡದ್ದು ಮಾತ್ರ ಇನ್ನೂ ಗೊತ್ತಾಗಲಿಲ್ಲ. ಅದು ಯಾವ ಬಾಗಿಲು ಅಂತಲೂ ನೆನಪಿಲ್ಲ.

ಸುಮನಾ: ಸುಮ್ನೆ ಊಹೆ ಮಾಡಬೇಡಿ. ಮತ್ತೆ ಬಿದ್ದರೆ, ಎದ್ದ ಕೂಡಲೇ ಮೊದಲು ಅನ್ನಿಸಿದ್ದನ್ನು ಬರೆಯಿರಿ, ಜೇಡದ ಬಣ್ಣ ಗಾತ್ರ ಆಮೇಲೆ. ಬಾಗಿಲಿಂದ ಹೊರಗೆ ಹೋಗಬೇಕಿತ್ತಾ, ಯಾರಾದರೂ ಒಳಗೆ ಬರುತ್ತಿದ್ದರಾ ಅನ್ನುವುದನ್ನೂ ಬರೆದು ಇಲ್ಲೇ ಹಾಕಿ.