ಸಹಾಯ ಬೇಕು: ಅನುತ್ತೀರ್ಣವಾದ ವಿಷಯದ ಕ್ರೆಡಿಟ್ ಎಸ್‌ಜಿಪಿಎ ಲೆಕ್ಕಕ್ಕೆ ಸೇರುತ್ತದೆಯೇ?

ಮಾನ್ಯರೇ, ತುಮಕೂರಿನ ಕಾಲೇಜೊಂದರಲ್ಲಿ ಮೊದಲ ವರ್ಷ ಓದುತ್ತಿರುವ ನನ್ನ ತಂಗಿಯ ಎಸ್‌ಜಿಪಿಎ ಲೆಕ್ಕದ ಬಗ್ಗೆ ತಿಳಿದವರ ಸಹಾಯ ಬೇಕಾಗಿದೆ. ಅವಳಿಗೆ ನಾಲ್ಕು ಕ್ರೆಡಿಟ್‌ಗಳ ಎರಡು ವಿಷಯಗಳಲ್ಲಿ 8 ಮತ್ತು 7, ಮೂರು ಕ್ರೆಡಿಟ್‌ಗಳ ಎರಡರಲ್ಲಿ 9 ಮತ್ತು 6, ಒಂದು ಕ್ರೆಡಿಟ್‌ನ ಲ್ಯಾಬ್‌ನಲ್ಲಿ 10 ಗ್ರೇಡ್ ಪಾಯಿಂಟ್ ಬಂದಿದ್ದು, ಮೂರು ಕ್ರೆಡಿಟ್‌ಗಳ ಇನ್ನೊಂದು ವಿಷಯದಲ್ಲಿ ಅನುತ್ತೀರ್ಣಳಾಗಿರುವುದರಿಂದ ಅದಕ್ಕೆ ಸೊನ್ನೆ ಸಿಕ್ಕಿದೆ. ಪ್ರತಿ ವಿಷಯದ ಕ್ರೆಡಿಟನ್ನು ಗ್ರೇಡ್ ಪಾಯಿಂಟಿನಿಂದ ಗುಣಿಸಿ ಕೂಡಿದರೆ 115 ಆಗುತ್ತದೆ. ಇದನ್ನು ಒಟ್ಟು 18 ಕ್ರೆಡಿಟ್‌ಗಳಿಂದ ಭಾಗಿಸಿದರೆ 6.39, ಪಾಸಾದ 15ರಿಂದ ಮಾತ್ರ ಭಾಗಿಸಿದರೆ 7.67. ಮೊದಲನೆಯದೇ ಸರಿ ಎಂದು ನನಗನ್ನಿಸುತ್ತದೆ; ಇಲ್ಲವಾದರೆ ಆ ಸೊನ್ನೆಗೆ ಅರ್ಥವೇ ಇರುವುದಿಲ್ಲ. ಆದರೆ ಅವಳ ಗೆಳತಿಯರು ಒಪ್ಪುತ್ತಿಲ್ಲ. ಮರುಪರೀಕ್ಷೆಯಲ್ಲಿ 6 ಬಂದರೆ, 133ನ್ನು 18ರಿಂದ ಭಾಗಿಸಿ ಇದೇ ಸೆಮಿಸ್ಟರ್‌ನ ಎಸ್‌ಜಿಪಿಎಯನ್ನು 7.39 ಎಂದು ತಿದ್ದಿ ಕೊಡುತ್ತಾರೆಯೇ ಎಂಬುದನ್ನೂ ದಯವಿಟ್ಟು ತಿಳಿಸಿ.