ಪದಚರ್ಚೆ: ‘ನಾಯ್ಸ್ ಪ್ರೊಫೈಲ್’ ಎಂದರೆ ಸದ್ದಿನ ಮಾದರಿಯೇ?

ಕಲಬುರಗಿಯಿಂದ ಪ್ರಶ್ನೆ:
ಎಲ್ಲರಿಗೂ ಶರಣು. ಕ್ಯಾಮೆರಾ ಎದುರು ಕುಳಿತು ಪಾಠ ಹೇಳುವ ಶಿಕ್ಷಕರಿಗಾಗಿ, ಧ್ವನಿಮುದ್ರಣ ತಿದ್ದುವ ಆಡಾಸಿಟಿ ತಂತ್ರಾಂಶದ ಕೈಪಿಡಿ ಬರೆಯುತ್ತಿದ್ದೇನೆ. ನಮ್ಮ ಊರಿನ ಮೇ ತಿಂಗಳಲ್ಲಿ ಫ್ಯಾನ್, ಎ.ಸಿ. ಆರಿಸಿ ಮಾತನಾಡಿ ಎಂದು ಯಾರಿಗೂ ಹೇಳುವಂತಿಲ್ಲ; ಆ ಸದ್ದನ್ನು ಆಮೇಲೆ ತಗ್ಗಿಸಬೇಕು. Noise Reduction ಒಳಗಿನ Get Noise Profile ಗುಂಡಿಯನ್ನು ‘ಸದ್ದಿನ ಮಾದರಿ ಪಡೆಯಿರಿ’ ಎಂದು ವಿವರಿಸಿದೆ. ಕರಡು ಓದಿದವರೊಬ್ಬರು, ಆ ತುಣುಕನ್ನೇ ಇಡೀ ರೆಕಾರ್ಡಿಂಗ್‌ನಿಂದ ಕಳೆಯುತ್ತದೆ ಎಂದುಕೊಂಡರು. ಬೇರೆ ಪದವಿದೆಯೇ?

ಬೀದರ್‌ನಿಂದ:
ಅವರು ತಿಳಿದದ್ದು ಸರಿಯೇ ಇದೆ. ಒಂದೇ ಸಮನೆ ಬರುವ ಸದ್ದನ್ನು ತೋರಿಸಿಕೊಟ್ಟರೆ ಅದನ್ನು ಕಳೆದುಬಿಡುತ್ತದೆ. ‘ಮಾದರಿ’ಯೇ ಇರಲಿ.

ಯಾದಗಿರಿಯಿಂದ:
ಒಂದೇ ಸಮನೆ ಇರಬೇಕು ಎಂಬುದು ನಿಜ. ಕಳೆಯುತ್ತದೆ ಎಂಬುದು ಅಲ್ಲ. ಮಾತಿಲ್ಲದ ಎರಡು ಮೂರು ಸೆಕೆಂಡುಗಳನ್ನು ಆರಿಸಿ ಆ ಗುಂಡಿ ಒತ್ತಿದಾಗ, ಯಾವ ಆವರ್ತನದಲ್ಲಿ ಸದ್ದು ಎಷ್ಟಿದೆ ಎಂದು ಲೆಕ್ಕ ಹಾಕಿಕೊಳ್ಳುತ್ತದೆ. ಬಳಿಕ ಇಡೀ ಪಾಠವನ್ನು ಆರಿಸಿ ಪರಿಣಾಮ ಹಾಕಿದಾಗ, ಆ ಮಟ್ಟವನ್ನು ಮೀರದ ಆವರ್ತನಗಳನ್ನಷ್ಟೇ ತಗ್ಗಿಸುತ್ತದೆ. ಮಾತು ಮೀರಿ ನಿಂತ ಕಡೆ ಕೈಹಾಕುವುದಿಲ್ಲ. ಅಲ್ಲಿ ಮಾತಿನ ಅಡಿಯಲ್ಲಿ ಫ್ಯಾನ್ ಹಾಗೆಯೇ ಉಳಿದಿರುತ್ತದೆ. ಆದ್ದರಿಂದ ‘ಸದ್ದಿನ ಅಳತೆ’ ಎನ್ನುವುದು ನನ್ನ ಸಲಹೆ.

ಇದು ಬರೀ ಪದದ ಜಗಳವಲ್ಲ. ಒಂದು ಪಾಠದ ಆರಂಭದ ಮೌನದಲ್ಲಿ ಎ.ಸಿ.ಯ ಕಂಪ್ರೆಸರ್ ನಿಂತಿತ್ತು. ಪ್ರೊಫೈಲ್ ಅಲ್ಲಿಂದಲೇ ತೆಗೆದಿದ್ದರು. ನಡುವೆ ಕಂಪ್ರೆಸರ್ ಶುರುವಾದಾಗ ಅದರ ಗುಂಯ್ ಸದ್ದು ಅಳತೆಯನ್ನು ಮೀರಿತು, ಹೀಗಾಗಿ ಉಳಿಯಿತು. ಆ ಭಾಗವನ್ನು ಪ್ರತ್ಯೇಕವಾಗಿ ಆರಿಸಿ, ಅದರೊಳಗಿನ ಮಾತಿನ ಬಿಡುವಿನಿಂದಲೇ ಹೊಸ ಪ್ರೊಫೈಲ್ ತೆಗೆದರೆ ಸರಿಹೋಗುತ್ತದೆ. ಹಟ ಹಿಡಿದು ತಗ್ಗಿಸುವ ಪ್ರಮಾಣವನ್ನು 12 ಡೆಸಿಬೆಲ್‌ನಿಂದ 24ಕ್ಕೆ ಏರಿಸಿ, ಎಷ್ಟನ್ನು ಸದ್ದೆಂದು ಎಣಿಸಬೇಕು ಎಂದು ಹೇಳುವ Sensitivity ಕೂಡ ಹೆಚ್ಚಿಸಿದರೆ ದನಿಯ ಸುತ್ತ ಕಿಣಿಕಿಣಿ ಕೇಳತೊಡಗುತ್ತದೆ. ಪರೀಕ್ಷಿಸಲು Residue ಆರಿಸಿ Preview ಒತ್ತಿ: ತೆಗೆದುಹಾಕುತ್ತಿರುವುದು ಮಾತ್ರ ಕೇಳುತ್ತದೆ. ಅದರಲ್ಲಿ ‘ಸ’, ‘ಶ’ ಕೇಳಿಸಿದರೆ ಮಾತನ್ನೇ ತಿನ್ನುತ್ತಿದೆ ಎಂದರ್ಥ; Sensitivity ಇಳಿಸಬೇಕು. ನೋಡಿ ಮುಗಿದ ಮೇಲೆ Reduce‌ಗೆ ಮರಳುವುದನ್ನು ಮರೆಯಬಾರದು.

ಕಲಬುರಗಿಯ ಇನ್ನೊಬ್ಬರು:
ನಮ್ಮ ಮನೆ ರಸ್ತೆಗೇ ಅಂಟಿಕೊಂಡಿದೆ. ಆಟೋ ಹಾರ್ನ್‌ನ ಪ್ರೊಫೈಲ್ ತೆಗೆದರೆ ಅದೂ ಹೋಗುತ್ತದೆಯೇ, ಸರ್?

ಯಾದಗಿರಿಯಿಂದ:
ಇಲ್ಲಮ್ಮ. ಹಾರ್ನ್ ಮಾತಿನ ಆವರ್ತನಗಳಲ್ಲೇ ಜೋರಾಗಿ ಬರುತ್ತದೆ. ಅದನ್ನೇ ಅಳತೆಯಾಗಿ ಕೊಟ್ಟರೆ ನಿಮ್ಮ ದನಿಯೂ ಅದರೊಳಗೆ ಬಿದ್ದು ತಗ್ಗುತ್ತದೆ. ಆ ವಾಕ್ಯವನ್ನು ಮತ್ತೊಮ್ಮೆ ಹೇಳಿ ಸೇರಿಸುವುದೇ ಮೇಲು.

ಕಲಬುರಗಿಯಿಂದ, ಪ್ರಶ್ನೆ ಕೇಳಿದವರು:
‘ಅಳತೆ’ ಎಂದರೆ ಶಿಕ್ಷಕರು ಪರದೆಯ ಮೇಲೆ ಯಾವುದೋ ಸಂಖ್ಯೆ ಹುಡುಕಬಹುದು. ‘ಸದ್ದಿನ ಚಹರೆ’ ಎಂದರೆ?

ಬೀದರ್‌ನಿಂದ:
ಚಹರೆ ಪೊಲೀಸರ ಪದದಂತಿದೆ. ಆಸ್ಪತ್ರೆಯಲ್ಲಿ ರಕ್ತದ ಮಾದರಿ ತೆಗೆದುಕೊಳ್ಳುವುದು ಪರೀಕ್ಷೆಗೇ ಅಲ್ಲವೇ? ಅಲ್ಲಿ ಯಾರಿಗೂ ಗೊಂದಲವಿಲ್ಲ.

ಯಾದಗಿರಿಯಿಂದ:
ಹಾಗಾದರೆ ಮಾದರಿ ಎಂದರೆ ನಾವು ಆರಿಸಿದ ತುಣುಕು. ಪ್ರೊಫೈಲ್ ಎಂದರೆ ಅದರ ವರದಿ. ಎರಡಕ್ಕೂ ಒಂದೇ ಪದ ಇಡುವುದು ನನಗೆ ಒಪ್ಪಿಗೆಯಿಲ್ಲ.