ಮೆಹಂದಿಯ ಕಿತ್ತಳೆ ಕೂದಲನ್ನು ಕಂದು ಮಾಡಿಕೊಂಡವರು ಹೇಗೆ ಮಾಡಿದಿರಿ?

ತುಂಬೆಹೂ ಕೇಳಿದ್ದು:
ಹಲವು ವರ್ಷದಿಂದ ತಲೆಗೆ ಮೆಹಂದಿ ಹಚ್ಚುತ್ತಿದ್ದೇನೆ. ಕೂದಲು ಕಪ್ಪಗಿದ್ದಾಗ ಬಿಸಿಲಲ್ಲಿ ಮಾತ್ರ ಕೆಂಪು ಹೊಳೆಯುತ್ತಿತ್ತು, ಚೆನ್ನಾಗಿಯೇ ಇತ್ತು. ಈಗ ಬೈತಲೆಯಲ್ಲೂ ಕಿವಿಯ ಪಕ್ಕದಲ್ಲೂ ನರೆ ಜಾಸ್ತಿಯಾಗಿ, ಅಲ್ಲೆಲ್ಲ ಕಣ್ಣಿಗೆ ಹೊಡೆಯುವ ಕಿತ್ತಳೆ. ಸಹಜವಾದ ಕಂದು ಬೇಕು. ಆದರೆ ಬುಡದಿಂದ ತುದಿಯವರೆಗೆ ಒಂದೇ ಕಪ್ಪು ಬಳಿದ ಹಾಗೆ ಆಗಬಾರದು. ಮಾಡಿ ನೋಡಿದವರು ಹೇಳುತ್ತೀರಾ?

ಬೆಳ್ಳಿಗೆರೆ:
ನೇರಳೆ ಶಾಂಪೂ ತಗೊಳ್ಳಿ. ನಾನು ಹೈಲೈಟ್ ಮಾಡಿಸಿದ ಮೇಲೆ ಕೂದಲು ಹಳದಿಗೆ ತಿರುಗಿತ್ತು, ವಾರಕ್ಕೊಂದು ಸಲ ಅದರಲ್ಲಿ ತೊಳೆದೆ, ಹಳದಿ ಇಳಿದುಹೋಯಿತು. ಐದು ನಿಮಿಷ ಬಿಟ್ಟರೆ ಸಾಕು. ಜಾಸ್ತಿ ಬಿಟ್ಟರೆ ತುದಿ ಬೂದುಬಣ್ಣಕ್ಕೆ ಬರುತ್ತದೆ.

ಕಡುನೀಲಿ:
ಬೆಳ್ಳಿಗೆರೆ ಅವರೇ, ನಿಮ್ಮದು ಬ್ಲೀಚ್ ಆದ ತಿಳಿ ಕೂದಲು. ಹಳದಿಯನ್ನು ಅಡಗಿಸುವುದು ನೇರಳೆ, ಅದಕ್ಕೇ ನಿಮಗೆ ಕೆಲಸ ಮಾಡಿತು. ಇವರದು ಕಿತ್ತಳೆ, ಅದಕ್ಕೆ ನೀಲಿ ಬೇಕು. ನೀಲಿ ಶಾಂಪೂ ಕೂಡ ಸಿಗುತ್ತದೆ, ಆದರೆ ಶಾಂಪೂ ಬಿಡುವ ಒಂದಿಷ್ಟು ಬಣ್ಣ ವರ್ಷಗಟ್ಟಲೆ ಕೂತ ಮೆಹಂದಿಯ ಮುಂದೆ ಏನೂ ಅಲ್ಲ.

ತುಂಬೆಹೂ, ನಾನು ಕೂದಲಿಗೆ ಬಣ್ಣ ಹಾಕುವ ಕೆಲಸದಲ್ಲೇ ಇರುವವಳು. ಮೊದಲ ಮಾತು, ಆ ಕೆಂಪನ್ನು ತೆಗೆಯಲು ಹೋಗಬೇಡಿ. ಮೆಹಂದಿಯ ಬಣ್ಣ ಕೂದಲಿನ ಪ್ರೋಟೀನಿಗೇ ಅಂಟಿಕೊಂಡಿರುತ್ತದೆ. ಬ್ಲೀಚ್ ಹಾಕಿದರೆ ಅದರ ಜೊತೆಗಿದ್ದ ನಿಮ್ಮ ಸ್ವಂತ ಕಪ್ಪು ಹೋಗಿ, ಕಿತ್ತಳೆ ಇನ್ನಷ್ಟು ಎದ್ದು ಕಾಣುತ್ತದೆ. ಮಾಡಬೇಕಾದ್ದು ಅದರ ಮೇಲೆ ನೀಲಿ ಕೂರಿಸುವುದು, ಅಂದರೆ ನೀಲಿ ಗಿಡದ ಎಲೆಯಿಂದ ಮಾಡಿದ ಇಂಡಿಗೋ ಪುಡಿ. ಕಿತ್ತಳೆಯ ಮೇಲೆ ನೀಲಿ ಸ್ವಲ್ಪವೇ ಕೂತರೆ ತಾಮ್ರ, ಹದವಾಗಿ ಕೂತರೆ ಕಂದು, ಪೂರ್ತಿ ಕೂತರೆ ಕಪ್ಪು. ನಿಮ್ಮ ಕೈಯಲ್ಲಿರುವುದು ಆ ಹದ ಒಂದೇ.

ಒಂದೇ ಕಪ್ಪು ಬಳಿದ ಹಾಗೆ ಆಗುವುದು ಯಾಕೆ ಗೊತ್ತಾ? ಒಂದೇ ಕಲಸನ್ನು ಬುಡದಿಂದ ತುದಿಯವರೆಗೆ ಬಳಿದು, ಅಷ್ಟೇ ಹೊತ್ತು ಬಿಡುತ್ತಾರೆ. ತುದಿಯಲ್ಲಿ ಆಗಲೇ ಮೆಹಂದಿಯ ಹಲವು ಪದರ ಇರುತ್ತದೆ, ಕೂದಲು ಒಣಗಿರುತ್ತದೆ, ಬಣ್ಣವನ್ನು ಬೇಗ ಹೀರುತ್ತದೆ. ಬುಡ ಕಂದಾಗುವಷ್ಟರಲ್ಲಿ ತುದಿ ಕಪ್ಪಾಗಿರುತ್ತದೆ. ಹಾಗಾಗಿ ಬುಡಕ್ಕೆ ಒಂದು ಕಲಸು, ಉದ್ದಕ್ಕೆ ಇನ್ನೊಂದು. ಬುಡದ ನರೆ ನಿಮ್ಮ ಕಪ್ಪು ಕೂದಲಿಗಿಂತ ಒಂದು ಮೆಟ್ಟಿಲು ತಿಳಿಯಾಗಿಯೇ ಉಳಿಯಲಿ. ಆ ವ್ಯತ್ಯಾಸದಿಂದಲೇ ಕೂದಲು ಸಹಜ ಅನ್ನಿಸುವುದು.

ಭುಜದವರೆಗಿನ ಕೂದಲು, ಬುಡದಲ್ಲಿ ಎರಡು ಬೆರಳಗಲ ನರೆ ಅಂದುಕೊಳ್ಳಿ. ಬುಡಕ್ಕೆ 30 ಗ್ರಾಂ ಮೆಹಂದಿ, 60 ಗ್ರಾಂ ಇಂಡಿಗೋ. ಮೆಹಂದಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕಲಸಿ ಕೆಲವು ಗಂಟೆ ಮೊದಲೇ ನೆನೆಯಲು ಇಡಿ. ಇಂಡಿಗೋವನ್ನು ಬೇರೆ ಪಾತ್ರೆಯಲ್ಲಿ, ಹಚ್ಚುವ ಹೊತ್ತಿಗೆ ಮಾತ್ರ ಕಲಸಿ 10ರಿಂದ 15 ನಿಮಿಷ ಬಿಡಿ. ಆಗ ಅದರ ಮೇಲ್ಮೈ ನೋಡಿ: ಹಸಿರು ಹಿಟ್ಟಿನ ಮೇಲೆ ಕಡುನೀಲಿ ಕೆನೆ ಕಟ್ಟಿದ ಹಾಗೆ ಕಂಡರೆ, ಚಮಚ ಎಳೆದಾಗ ಒಳಗಿನ ಹಸಿರು ತೆರೆದು ಮತ್ತೆ ನಿಧಾನವಾಗಿ ಕಪ್ಪಿಟ್ಟರೆ ಪುಡಿ ಜೀವಂತ. ಎಷ್ಟು ಹೊತ್ತಾದರೂ ಮಂಕು ಹಸಿರಾಗಿಯೇ ಇದ್ದರೆ ಹಳೆಯ ಪುಡಿ, ಅದನ್ನು ತಲೆಗೆ ಹಾಕಿ ಪ್ರಯೋಜನವಿಲ್ಲ. ಎರಡನ್ನೂ ಬೆರೆಸಿದ ಕೂಡಲೇ, ಎಣ್ಣೆಯಿಲ್ಲದೆ ತೊಳೆದ ಒದ್ದೆ ಕೂದಲಿಗೆ ಹಚ್ಚಿ, ಪ್ಲಾಸ್ಟಿಕ್ ಟೋಪಿ ಹಾಕಿ ಎರಡು ಗಂಟೆ ಬಿಡಿ.

ಉದ್ದಕ್ಕೆ ಮೆಹಂದಿ ಬೇಡವೇ ಬೇಡ. ಬುಡ ಮುಗಿಯಲು ಅರ್ಧ ಗಂಟೆ ಇದೆ ಅನ್ನುವಾಗ ಇಂಡಿಗೋ ಒಂದನ್ನೇ ಮಜ್ಜಿಗೆಯ ಹದಕ್ಕೆ ತೆಳ್ಳಗೆ ಕಲಸಿ, ಕಿತ್ತಳೆ ಕಾಣುವ ಎಳೆಗಳ ಮೇಲೆ ಮಾತ್ರ ಎಳೆಯಿರಿ. 20 ನಿಮಿಷಕ್ಕೆ ಎಲ್ಲವನ್ನೂ ಬರೀ ನೀರಿನಲ್ಲಿ ತೊಳೆಯಿರಿ. ಶಾಂಪೂ ಎರಡು ದಿನ ಮುಟ್ಟಬೇಡಿ.

ಹಿತ್ತಲಮನೆ:
ನಾನು ಎರಡನ್ನೂ ಒಟ್ಟಿಗೆ ನಿಂಬೆರಸ ಹಾಕಿ ರಾತ್ರಿಯೇ ಕಲಸಿಡುತ್ತೇನೆ. ಹುಳಿ ಇದ್ದರೆ ಬಣ್ಣ ಚೆನ್ನಾಗಿ ಬಿಡುತ್ತದೆ. ಇಂಡಿಗೋ ಹಾಕಿದರೂ ಕೆಂಪೇ ಬರುತ್ತದೆ ಅಂದರೆ ಪುಡಿಯೇ ಕಲಬೆರಕೆ ಅಂತ ನನ್ನ ಅನುಮಾನ.

ಕಡುನೀಲಿ:
ಹುಳಿಯ ಮಾತು ಮೆಹಂದಿಗೆ ಸರಿ ಅಕ್ಕ. ಇಂಡಿಗೋಗೆ ಅದೇ ಶತ್ರು. ರಾತ್ರಿಯೆಲ್ಲ ಕಲಸಿಟ್ಟರೆ ಅದರ ನೀಲಿ ಪಾತ್ರೆಯಲ್ಲೇ ಗಾಳಿಗೆ ಗಟ್ಟಿಯಾಗಿ ಮುಗಿದಿರುತ್ತದೆ, ಕೂದಲಿನೊಳಗೆ ಹೋಗಲು ಏನೂ ಉಳಿದಿರುವುದಿಲ್ಲ. ಪುಡಿಯನ್ನು ದೂರುವ ಮೊದಲು ಒಂದು ಸಲ ಬೇರೆ ಬೇರೆ ಕಲಸಿ ನೋಡಿ.

ಸಂಜೆಗೆಂಪು:
ನಾನು ಇಷ್ಟೆಲ್ಲ ಮಾಡದೆ ಬಾಟಲಿ ಡೈಯಲ್ಲೇ ಸರಿಮಾಡಿಕೊಂಡೆ. ಮೆಹಂದಿ ಕೂದಲಿನ ಮೇಲೆ ಅಮೋನಿಯಾ ಇಲ್ಲದ, ಕೆಲವು ವಾರಕ್ಕೆ ಇಳಿಯುವ ಜಾತಿಯ ಡೈ, 5.1 ನಂಬರಿನದು. ಚುಕ್ಕೆಯ ಮೊದಲಿನ 5 ಬಣ್ಣ ಎಷ್ಟು ಗಾಢ ಅನ್ನುವುದು, ನಂತರದ 1 ಅಂದರೆ ಆ್ಯಶ್, ಅದರಲ್ಲಿ ನೀಲಿಯ ಛಾಯೆ ಇರುತ್ತದೆ. ಕಿತ್ತಳೆ ಅಡಗಿತು, ಕಪ್ಪಾಗಲಿಲ್ಲ. ಅದಕ್ಕೂ ಮೊದಲು ಮಾಮೂಲಿ ಕಂದು ಡೈ ಹಾಕಿಸಿದ್ದೆ. ಆಗ ಬುಡದ ಕಪ್ಪು ಕೂದಲೂ ಒಂದಿಷ್ಟು ತಿಳಿಯಾಗಿ, ಇದ್ದ ಕೆಂಪಿಗೆ ಇನ್ನೊಂದು ಕೆಂಪು ಸೇರಿಕೊಂಡಿತ್ತು.

ಕಡುನೀಲಿ:
ಅದು ಡೈ ಜೊತೆ ಬೆರೆಸುವ ಡೆವಲಪರಿನ ಕೆಲಸ. ಜೋರಿನ ಡೆವಲಪರ್ ಮೊದಲು ಸ್ವಂತ ಬಣ್ಣವನ್ನು ಎತ್ತುತ್ತದೆ, ಅಂದರೆ ತಿಳಿಯಾಗಿಸುತ್ತದೆ, ಕಪ್ಪು ಕೂದಲನ್ನು ಎತ್ತಿದರೆ ಒಳಗಿರುವುದು ಕೆಂಪೇ. ಅದಕ್ಕೇ ಮೆಲ್ಲಗಿನ ಡೈ ಆರಿಸಿದ್ದು ಸರಿಯಾಯಿತು. ಈಗಿರುವ ಬಣ್ಣದಷ್ಟೇ ಗಾಢ ಅಥವಾ ಒಂದು ಮೆಟ್ಟಿಲು ಹೆಚ್ಚು ಗಾಢವಾದ ಆ್ಯಶ್ ತೆಗೆದುಕೊಳ್ಳಬೇಕು. ತಿಳಿ ಆ್ಯಶ್ ತಂದರೆ ಕಿತ್ತಳೆಯ ಮೇಲೆ ಕಾಣುವುದೇ ಇಲ್ಲ.

ಆದರೆ ಈ ದಾರಿಗೆ ಒಂದು ಗಟ್ಟಿ ಷರತ್ತಿದೆ. ಹಚ್ಚಿಕೊಂಡದ್ದು ಬರೀ ಎಲೆಯ ಪುಡಿ ಆಗಿರಬೇಕು. ಮೆಹಂದಿ ಅಂತ ಮಾರುವ ಕೆಲವು ಪುಡಿಗಳಲ್ಲಿ ಲೋಹದ ಲವಣ ಇರುತ್ತದೆ. ಅದರ ಮೇಲೆ ಡೆವಲಪರ್ ಬಿದ್ದರೆ ಕೂದಲು ಬಿಸಿಯಾಗಿ ತುಂಡಾಗಬಹುದು. ಬಾಚಣಿಗೆಯಲ್ಲಿ ಬಂದ ಕೂದಲನ್ನು ಒಟ್ಟುಮಾಡಿ ದಾರ ಕಟ್ಟಿ, ಹಾಕಲಿರುವ ಡೆವಲಪರಿನಲ್ಲಿ ಅರ್ಧ ಗಂಟೆ ಮುಳುಗಿಸಿ. ಗಾಜಿನ ಲೋಟ ಬೆಚ್ಚಗಾದರೆ, ನೊರೆ ಎದ್ದರೆ, ಕೂದಲು ಎಳೆದಾಗ ರಬ್ಬರಿನ ಹಾಗೆ ಹಿಗ್ಗಿದರೆ ಆ ತಲೆಗೆ ಡೈ ಹಾಕಲೇಬಾರದು. ಕತ್ತರಿಸಿಕೊಂಡು ಬೆಳೆಸುವುದೇ ದಾರಿ.

‘ಕಪ್ಪು ಮೆಹಂದಿ’ ಅನ್ನುವ ಪುಡಿ ತರುವವರಿಗೂ ಒಂದು ಮಾತು. ಎಲೆಯೊಂದರಿಂದಲೇ ಒಂದೇ ಗಂಟೆಗೆ ಕಪ್ಪು ಬರುವುದಿಲ್ಲ. ಅದರಲ್ಲಿ ಹೆಚ್ಚಾಗಿ ಪಿಪಿಡಿ ಅನ್ನುವ ಡೈ ರಾಸಾಯನಿಕ ಸೇರಿಸಿರುತ್ತಾರೆ, ಅದಕ್ಕೆ ಅಲರ್ಜಿ ಇರುವವರಿಗೆ ಮುಖವೇ ಊದಿಕೊಳ್ಳುತ್ತದೆ. ಯಾವುದೇ ಡೈ ಇರಲಿ, ಮೊಣಕೈಯ ಒಳಗೆ ಸ್ವಲ್ಪ ಹಚ್ಚಿ 48 ಗಂಟೆ ಕಾಯದೆ ತಲೆಗೆ ಹಾಕಬೇಡಿ.

ಬೆಳ್ಳಿಗೆರೆ:
ಹಾಗಾದರೆ ನಾನೂ ಹೈಲೈಟಿನ ಮೇಲೆ ಇಂಡಿಗೋ ಹಾಕಬಹುದಾ? ಬಣ್ಣ ಹಿಡಿಸದಿದ್ದರೆ ಮತ್ತೆ ಬ್ಲೀಚ್ ಮಾಡಿಸಿಕೊಳ್ಳುತ್ತೇನೆ.

ಕಡುನೀಲಿ:
ದಯವಿಟ್ಟು ಬೇಡ. ಕೆಳಗೆ ಕಿತ್ತಳೆ ಇಲ್ಲದ ತಿಳಿ ಕೂದಲಿನ ಮೇಲೆ ಇಂಡಿಗೋ ನೀಲಿ-ಹಸಿರಾಗಿ ಕೂರುತ್ತದೆ. ಅದರ ಮೇಲೆ ಬ್ಲೀಚ್ ಬಿದ್ದರೆ ಬಿಡಿಸಲಾಗದ ಹಸಿರು. ತುಂಬೆಹೂ ಅವರೂ ಇದನ್ನು ನೆನಪಿಡಿ, ಇಂಡಿಗೋ ಹಾಕಿದ ಮೇಲೆ ಹೈಲೈಟಿನ ಆಸೆ ಬಿಟ್ಟುಬಿಡಬೇಕು.

ತುಂಬೆಹೂ:
ಮಾಡಿದೆ. ಮೊದಲು ಬಾಚಣಿಗೆಯ ಕೂದಲಿನ ಮೇಲೆ ಇಂಡಿಗೋ ಕಲಸು ಹಚ್ಚಿ ನೋಡಿಕೊಂಡೆ, ಅರ್ಧ ಗಂಟೆಯದ್ದಕ್ಕೂ ಒಂದು ಗಂಟೆಯದ್ದಕ್ಕೂ ಅಷ್ಟೊಂದು ಅಂತರ ಇರುತ್ತದೆ ಅಂದುಕೊಂಡಿರಲಿಲ್ಲ. ತಲೆ ತೊಳೆದಾಗ ಹಣೆಯ ಮೇಲಿನ ನರೆ ಪಾಚಿಯ ಹಾಗೆ ಹಸಿರು ಕಂಡು ಎದೆ ಧಸಕ್ಕೆಂದಿತು. ಮರುದಿನ ಸಂಜೆಗೆ ಹಸಿರು ಹೋಗಿ ಕಂದು. ಉದ್ದದ ಕೂದಲು ಚೆನ್ನಾಗಿದೆ, ಒಳಗೆ ಅಲ್ಲಲ್ಲಿ ಕೆಂಪಿನ ಎಳೆ ಉಳಿದಿದೆ, ಅದು ಇರಲಿ ಅನ್ನಿಸುತ್ತದೆ. ಕಿವಿಯ ಪಕ್ಕ ಮಾತ್ರ ನಾಲ್ಕಾರು ಸ್ನಾನಕ್ಕೇ ಕಿತ್ತಳೆ ಮತ್ತೆ ಇಣುಕುತ್ತಿದೆ. ಇಂಡಿಗೋಗೆ ಉಪ್ಪು ಹಾಕಿದರೆ ಬಣ್ಣ ನಿಲ್ಲುತ್ತದೆ ಅಂತ ಓದಿದೆ, ನಿಜವಾ?

ಹಿತ್ತಲಮನೆ:
ನೀವು ಹೇಳಿದ ಹಾಗೆ ಬೇರೆ ಕಲಸಿದೆ ಕಡುನೀಲಿ ಅವರೇ, ಈ ಸಲ ಕೆಂಪು ನಿಜವಾಗಿಯೂ ಇಳಿದಿದೆ. ಉಪ್ಪು ನಾನು 100 ಗ್ರಾಂ ಇಂಡಿಗೋಗೆ ಒಂದು ಚಮಚ ಹಾಕಿದ್ದೆ. ಹಿಡಿದಿದೆ ಅಂತಲೇ ನನ್ನ ಅನುಭವ.

ಸಂಜೆಗೆಂಪು:
ನನ್ನ ತಂಗಿ ಉಪ್ಪು ಹಾಕಿ ಮಾಡಿದಾಗ ಕೂದಲು ನಾರಿನ ಹಾಗಾಯಿತು, ಬಣ್ಣದಲ್ಲಿ ವ್ಯತ್ಯಾಸ ಕಾಣಲಿಲ್ಲ.

ಕಡುನೀಲಿ:
ಉಪ್ಪಿನ ಬಗ್ಗೆ ನಮ್ಮ ಕೆಲಸದವರಲ್ಲೂ ಒಮ್ಮತ ಇಲ್ಲ. ಕೆಲವರಿಗೆ ಅದಿಲ್ಲದೆ ಆಗುವುದೇ ಇಲ್ಲ, ನಾನು ಹಾಕುವುದಿಲ್ಲ. ತೊಳೆದಾಗ ಕಂಡ ಹಸಿರು ಇಂಡಿಗೋ ಗಾಳಿಗೆ ತೆರೆದು ನೀಲಿಯಾಗುವ ಮೊದಲಿನ ಬಣ್ಣ, ಹೆದರುವಂಥದ್ದಲ್ಲ. ಮೂರು ದಿನ ಕಳೆದೂ ಹಸಿರಿದ್ದರೆ ಅಲ್ಲಿ ಮೆಹಂದಿ ಕಮ್ಮಿಯಾಗಿದೆ ಅಂತ.

ಕಿವಿಯ ಪಕ್ಕದ ನರೆ ಒರಟು, ಬಣ್ಣ ಸುಲಭಕ್ಕೆ ಹಿಡಿಯುವುದಿಲ್ಲ. ಮೆಹಂದಿಗಿಂತ ಇಂಡಿಗೋ ಬೇಗ ಬಿಡುತ್ತದೆ, ಅದಕ್ಕೇ ಮೊದಲು ಅಲ್ಲೇ ಕಿತ್ತಳೆ ಕಾಣುವುದು. ಅಷ್ಟು ಜಾಗಕ್ಕೆ ಬೆರಕೆ ಬಿಟ್ಟು ಎರಡು ಸರದಿಯಲ್ಲಿ ಹಾಕಿ. ಮೊದಲು ಬರೀ ಮೆಹಂದಿ ಎರಡು ಗಂಟೆ, ಪೂರ್ತಿ ತೊಳೆಯಿರಿ, ಆಮೇಲೆ ಬರೀ ಇಂಡಿಗೋ. ಈ ಇಂಡಿಗೋವನ್ನು 30 ನಿಮಿಷಕ್ಕೆ ಒಂದು ಎಳೆ ಒರೆಸಿ ನೋಡಿ, ಒಂದು ಗಂಟೆ ದಾಟಿಸಬೇಡಿ, ದಾಟಿದರೆ ಕಪ್ಪಿನ ಕಡೆ ಹೋಗುತ್ತದೆ. ಹಾಗೇನಾದರೂ ಹೆಚ್ಚು ಕಪ್ಪಾದರೆ ಮೊದಲ ಎರಡು ಮೂರು ದಿನದೊಳಗೇ ಎಣ್ಣೆ ಹಚ್ಚಿ ಒಂದೆರಡು ಗಂಟೆ ಬಿಟ್ಟು ಶಾಂಪೂ ಹಾಕಿ, ಸ್ವಲ್ಪ ಇಳಿಯುತ್ತದೆ. ಮುಂದಿನ ಸಲವೂ ಮೆಹಂದಿ ಹೊಸ ಬುಡಕ್ಕೆ ಮಾತ್ರ. ಉದ್ದದಲ್ಲಿ ಕಿತ್ತಳೆ ಇಣುಕಿದರೆ ಆ ತೆಳ್ಳಗಿನ ಇಂಡಿಗೋ 20 ನಿಮಿಷ ಸಾಕು.